ಟೈಪ್-ಸಿ ಅಡಾಪ್ಟರ್‌ನಲ್ಲಿ ಸದ್ದು ಬರಲಿಲ್ಲವೆಂದು ಚಾರ್ಜಿಂಗ್ ಪೋರ್ಟ್ ಬದಲಿಸಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಟೈಪ್-ಸಿಯಿಂದ 3.5 ಎಂಎಂ ಜ್ಯಾಕ್‌ಗೆ ಬದಲಿಸುವ ಪುಟ್ಟ ಅಡಾಪ್ಟರ್ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ಪರಿಚಯದವರೊಬ್ಬರು ತಮ್ಮ ಗ್ಯಾಲಕ್ಸಿ ಎಸ್21ಗೆಂದು ₹120 ಕೊಟ್ಟು ಒಂದನ್ನು ತಂದರು. ಅಂಗಡಿಯವರು ತಮ್ಮ ಹಳೆಯ ಫೋನಿಗೆ ಚುಚ್ಚಿ ಹಾಡು ಹಾಕಿ ತೋರಿಸಿದ್ದರು, ಚೆನ್ನಾಗಿಯೇ ಕೇಳಿಸಿತ್ತು. ಮನೆಗೆ ಬಂದು ಹಾಕಿದರೆ ಹಾಡು ಸ್ಪೀಕರ್‌ನಲ್ಲೇ ಬರುತ್ತಿತ್ತು, ಇಯರ್‌ಫೋನ್‌ನಲ್ಲಿ ಪೂರ್ತಿ ಮೌನ. ವಾಪಸ್ ಹೋದರೆ "ನಿಮ್ಮ ಫೋನಿನ ಪೋರ್ಟೇ ಹೋಗಿದೆ ಸರ್" ಎಂಬ ಉತ್ತರ. ರಿಪೇರಿ ಅಂಗಡಿಯಲ್ಲಿ ಪೋರ್ಟ್ ಬದಲಿಸಿಯೂ ಆಯಿತು, ಸದ್ದು ಮಾತ್ರ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ.

ಹೊರಗಿನಿಂದ ಒಂದೇ ಥರ ಕಾಣುವ ಈ ಅಡಾಪ್ಟರ್‌ಗಳಲ್ಲಿ ಎರಡು ಜಾತಿ. ಅಗ್ಗದ್ದರೊಳಗೆ ಚಿಪ್ ಇರುವುದಿಲ್ಲ, ಬರೀ ತಂತಿ. ಅದು ಪೋರ್ಟ್‌ನ ಏನು ಸಿಕ್ಕಿಸಿದೆ ಎಂದು ಗುರುತಿಸುವ ಎರಡು ಸಿಸಿ ಪಿನ್‌ಗಳನ್ನು ಗ್ರೌಂಡ್‌ಗೆ ಎಳೆದು, "ನಾನು ಅನಲಾಗ್ ಹೆಡ್‌ಸೆಟ್" ಎಂದು ಫೋನಿಗೆ ತಿಳಿಸುತ್ತದೆ. ಆಗ ಫೋನ್ ತನ್ನೊಳಗಿನ ಆಡಿಯೊ ಸಿಗ್ನಲ್ಲನ್ನು ಡೇಟಾ ಪಿನ್‌ಗಳಿಗೆ ತಿರುಗಿಸಬೇಕು, ಮೈಕನ್ನು ಎಸ್‌ಬಿಯು ಎಂಬ ಪಕ್ಕದ ಪಿನ್‌ಗಳಿಂದ ಪಡೆಯಬೇಕು. ಹಾಗೆ ತಿರುಗಿಸಲು ಫೋನಿನ ಬೋರ್ಡಿನಲ್ಲೇ ಸ್ವಿಚ್ ಇರಬೇಕು. ಒನ್‌ಪ್ಲಸ್ 6ಟಿಯಂಥ ಕೆಲವು ಫೋನ್‌ಗಳಲ್ಲಿ ಅದಿದೆ. ಗ್ಯಾಲಕ್ಸಿ ಎಸ್20 ಮತ್ತು ಅದರ ನಂತರದ ಎಸ್ ಸರಣಿ, ಪಿಕ್ಸೆಲ್, ಐಫೋನ್ 15 ಇವುಗಳಲ್ಲಿ ಇಲ್ಲ. ಇವಕ್ಕೆ ಎರಡನೇ ಜಾತಿಯೇ ಬೇಕು: ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಸದ್ದಾಗಿ ಬದಲಿಸುವ ಡಿಎಸಿ ಚಿಪ್ ಒಳಗೇ ಇರುವ, ಯುಎಸ್‌ಬಿ ಸೌಂಡ್ ಕಾರ್ಡ್‌ನಂತೆ ಕೆಲಸ ಮಾಡುವ ಅಡಾಪ್ಟರ್. ಅಂಗಡಿಯವರ ಫೋನಿನಲ್ಲಿ ಹಾಡು ಕೇಳಿಸಿದ್ದು ಆ ಫೋನಿನ ಗುಣದಿಂದ. ಆದ್ದರಿಂದ ಬೇರೆಯವರ ಫೋನಿನಲ್ಲಿ ಮಾಡಿ ತೋರಿಸುವ ಟೆಸ್ಟ್ ನಿಮಗೆ ಏನನ್ನೂ ಹೇಳುವುದಿಲ್ಲ.

ಪೋರ್ಟ್ ಸರಿಯಿದೆಯೇ ಎಂದು ತಿಳಿಯಲು ರಿಪೇರಿಯವರ ಹತ್ತಿರ ಹೋಗಬೇಕಿಲ್ಲ. ಟೈಪ್-ಸಿ ಪೆನ್‌ಡ್ರೈವ್ ಹಾಕಿ ನೋಡಿ. ಫೈಲ್‌ಗಳು ತೆರೆದುಕೊಂಡರೆ ಡಿಎಸಿ ಅಡಾಪ್ಟರ್‌ಗೆ ಬೇಕಾದ ಪಿನ್‌ಗಳು ಬಹುತೇಕ ಸರಿಯಾಗಿವೆ ಎಂದರ್ಥ. ಅಡಾಪ್ಟರ್‌ನ ಜಾತಿ ತಿಳಿಯಲು, ಇಯರ್‌ಫೋನ್ ಸಿಕ್ಕಿಸಿಯೇ ಅದನ್ನು ಲ್ಯಾಪ್‌ಟಾಪ್‌ನ ಟೈಪ್-ಸಿ ಪೋರ್ಟ್‌ಗೆ ಹಾಕಿ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಸಾಧನ ಕಾಣಿಸಿದರೆ ಒಳಗೆ ಚಿಪ್ ಇದೆ. ಏನೂ ಬರದಿದ್ದರೆ ಬಹುತೇಕ ಅದು ಬರೀ ತಂತಿಯದ್ದೇ. ಕೆಲವು ಆಂಡ್ರಾಯ್ಡ್ ಫೋನ್‌ಗಳು `Analog audio accessory detected` ಎಂಬ ಸೂಚನೆಯನ್ನೇ ತೋರಿಸುತ್ತವೆ. ಅದು ಕಂಡರೆ ಮುಂದೆ ತಲೆ ಕೆಡಿಸಿಕೊಳ್ಳಬೇಡಿ, ಅಡಾಪ್ಟರ್ ಬದಲಿಸಿ.

ಚಿಪ್ ಇರುವುದನ್ನು ಕೊಂಡರೂ ಸದ್ದು ಬರದಿದ್ದರೆ ಎರಡು ಸೆಟ್ಟಿಂಗ್ ನೋಡಿ. ಒಪ್ಪೊ, ರಿಯಲ್‌ಮಿ, ವಿವೊಗಳ ಅನೇಕ ಫೋನ್‌ಗಳಲ್ಲಿ ಹೊರಗಿನ ಸಾಧನ ಜೋಡಿಸಲು ಬಿಡುವ ಒಟಿಜಿ ಆನ್ ಮಾಡಬೇಕಾಗುತ್ತದೆ, ಬಳಸದೆ ಸುಮಾರು 10 ನಿಮಿಷ ಬಿಟ್ಟರೆ ಅದು ತಾನಾಗಿ ಆಫ್ ಆಗಬಹುದು. ಡೆವಲಪರ್ ಆಪ್ಷನ್ಸ್ ತೆರೆದಿಟ್ಟವರು `Disable USB audio routing` ಆಫ್ ಇದೆಯೇ ನೋಡಿಕೊಳ್ಳಿ.

ಹಾಡು ಸರಿಯಾಗಿ ಬಂದು, ಕಾಲ್‌ನಲ್ಲಿ ನಿಮ್ಮ ಮಾತು ಎದುರಿನವರಿಗೆ ಕೇಳಿಸದಿರುವುದು ಬೇರೆಯೇ ತೊಂದರೆ, ಇದರಲ್ಲೇ ಹೆಚ್ಚು ಜನ ಮೋಸ ಹೋಗುವುದು. ಮೊದಲು ಇಯರ್‌ಫೋನ್ ಪಿನ್ ನೋಡಿ. ಅದರ ಮೇಲೆ ಮೂರು ಕಪ್ಪು ಉಂಗುರಗಳಿದ್ದರೆ ಮೈಕ್‌ಗೆ ದಾರಿಯಿದೆ, ಎರಡೇ ಇದ್ದರೆ ಇಲ್ಲ. ಪಿನ್ ಸರಿಯಿದ್ದರೂ ಅಡಾಪ್ಟರ್‌ನ ಚಿಪ್ ಸದ್ದನ್ನು ಹೊರಗೆ ಕಳಿಸುವುದಷ್ಟೇ ಆಗಿರಬಹುದು. ಹಾಡು ಕೇಳುವವರಿಗೆಂದೇ ಮಾಡಿದ, ಬೆಲೆ ಜಾಸ್ತಿಯ ಡಿಎಸಿಗಳಲ್ಲೂ ಮೈಕ್ ಇಲ್ಲದವು ಉಂಟು. ಲ್ಯಾಪ್‌ಟಾಪ್‌ಗೆ ಹಾಕಿದಾಗ ಔಟ್‌ಪುಟ್ ಪಟ್ಟಿಯಲ್ಲಿ ಮಾತ್ರ ಕಂಡು ಇನ್‌ಪುಟ್ ಪಟ್ಟಿಯಲ್ಲಿ ಕಾಣದಿದ್ದರೆ ಅದು ಅಂಥದ್ದೇ.

ಹಳೆಯ ಇಯರ್‌ಫೋನ್‌ಗಳಲ್ಲಿ ಇನ್ನೊಂದು ಕಾರಣವಿದೆ. ಈಗಿನ ಸಿಟಿಐಎ ಕ್ರಮದಲ್ಲಿ ಪಿನ್ನಿನ ಬುಡದ ಭಾಗ ಮೈಕ್, ಅದರ ಮೇಲಿನದು ಗ್ರೌಂಡ್. ಹಿಂದಿನ ಒಎಂಟಿಪಿ ಕ್ರಮದಲ್ಲಿ ಇವೆರಡೂ ಅದಲುಬದಲು. ಆಗ ಮೈಕ್ ಕೆಲಸ ಮಾಡದು, ಹಾಡಿನಲ್ಲಿ ಗಾಯಕರ ದನಿ ದೂರದಿಂದ ಬಂದಂತೆ ಟೊಳ್ಳಾಗಿ ಕೇಳಿಸುತ್ತದೆ. ವೈರ್ ಮೇಲಿನ ಗುಂಡಿಯನ್ನು ಒತ್ತಿ ಹಿಡಿದಾಗ ದನಿ ತುಂಬಿಕೊಂಡು ಬಂದರೆ ಕಾರಣ ಇದೇ. ಸಿಟಿಐಎ-ಒಎಂಟಿಪಿ ಅದಲುಬದಲು ಮಾಡುವ ಚಿಕ್ಕ ಕೇಬಲ್ ಹಾಕಿದರೆ ಸರಿಹೋಗುತ್ತದೆ.

ಕೊಳ್ಳುವಾಗ "ಡಿಎಸಿ ಇದೆಯಾ, ಮೈಕ್ ಕೆಲಸ ಮಾಡುತ್ತಾ" ಎಂದು ಎರಡನ್ನೂ ಬೇರೆಬೇರೆಯಾಗಿ ಕೇಳಿ, ದುಡ್ಡು ಕೊಡುವ ಮುಂಚೆ ನಿಮ್ಮದೇ ಫೋನು, ನಿಮ್ಮದೇ ಇಯರ್‌ಫೋನಿನಲ್ಲಿ ನೋಡಿ. ಹಾಡು ಹಾಕಿ ಬಿಡಬೇಡಿ. ಜೊತೆಗಿರುವವರಿಗೆ ಕಾಲ್ ಮಾಡಿ, ಇಯರ್‌ಫೋನ್ ಮೈಕಿನ ಸಣ್ಣ ತೂತನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಫೋನಿನ ಕೆಳಗಿನ ತೂತನ್ನು ಕೆರೆಯಿರಿ. ಎರಡನೆಯದೇ ಅವರಿಗೆ ಜೋರಾಗಿ ಕೇಳಿಸಿದರೆ ಮಾತು ಹೋಗುತ್ತಿರುವುದು ಫೋನಿನ ಮೈಕಿನಿಂದ. ಅಂಥ ಅಡಾಪ್ಟರ್ ತರಬೇಡಿ.