ಮೊದಲು ಕಬ್ಬಿಣದ ಡಂಬೆಲ್, ಉಳಿದದ್ದು ಆಮೇಲೆ

ಕೈಯಲ್ಲಿ ಮೂರು ಸಾವಿರ ರೂಪಾಯಿ ಇದೆ, ಮನೆಯಲ್ಲೇ ಕಸರತ್ತು ಶುರು ಮಾಡಬೇಕು. ಮೊದಲು ಏನು ತಗೋಬೇಕು? ನನ್ನ ಉತ್ತರ ಒಂದೇ: ಪ್ಲೇಟ್ ಹಾಕಿ ತೆಗೆಯಲು ಬರುವ ಕಬ್ಬಿಣದ ಡಂಬೆಲ್ ಜೋಡಿ. ಕಲಬುರಗಿಯ ನಮ್ಮ ಮನೆಯಲ್ಲಿ ಇದಲ್ಲದೆ ಅಣ್ಣನ ಮಗ ತಂದ ಪಿವಿಸಿ ಸೆಟ್, ಗೆಳೆಯ ಕೊಟ್ಟ ರಬ್ಬರ್ ಬ್ಯಾಂಡ್, ಬಾಗಿಲಿಗೆ ಹಾಕುವ ಪುಲ್-ಅಪ್ ಬಾರ್ ಕೂಡ ಇವೆ. ಎಲ್ಲವನ್ನೂ ಬಳಸಿ ನೋಡಿದ ಮೇಲೇ ಹೇಳುತ್ತಿದ್ದೇನೆ.

ಪಿವಿಸಿ ಸೆಟ್ ನೋಡೋಕೆ ಅಗ್ಗ. 20 ಕೆಜಿ ಸೆಟ್ ಅಂತ ಬರೆದಿರುತ್ತದೆ, ಬೆಲೆ ಕೇಳಿದರೆ ಖುಷಿ ಆಗುತ್ತದೆ. ಆದರೆ ಆ 20 ಕೆಜಿ ಎಂದೂ ಒಂದು ಕೈಗೆ ಬರುವುದಿಲ್ಲ. ಈ ಪ್ಲೇಟ್ ಅಂದರೆ ಮೇಲೆ ಪ್ಲಾಸ್ಟಿಕ್ ಚಿಪ್ಪು, ಒಳಗೆ ಸಿಮೆಂಟು. ಅಷ್ಟೇ ತೂಕದ ಕಬ್ಬಿಣಕ್ಕಿಂತ ಸಿಮೆಂಟು ಹೆಚ್ಚುಕಡಿಮೆ ಮೂರು ಪಟ್ಟು ಜಾಗ ತಿನ್ನುತ್ತದೆ. ಹಾಗಾಗಿ ಪ್ಲೇಟು ದಪ್ಪ.

ಲೆಕ್ಕ ಹಾಕಿ ನೋಡಿ. ಡಂಬೆಲ್ ರಾಡ್ 14 ಇಂಚು. ನಡುವೆ ಹಿಡಿಯುವ ಜಾಗಕ್ಕೆ 5 ಇಂಚು ಬಿಟ್ಟರೆ ಒಂದೊಂದು ಕಡೆ ನಾಲ್ಕೂವರೆ ಇಂಚು. ಅದರಲ್ಲಿ ನಟ್ಟಿಗೆ ಒಂದು ಇಂಚು. ಉಳಿದಿದ್ದು ಮೂರೂವರೆ. ನಮ್ಮ ಸೆಟ್‌ನಲ್ಲಿ 3 ಕೆಜಿಯ ಒಂದು, 2 ಕೆಜಿಯ ಒಂದು ಪ್ಲೇಟ್ ಹಾಕುವಷ್ಟರಲ್ಲಿ ಆ ಜಾಗ ಮುಗಿಯುತ್ತದೆ. ಎರಡೂ ಕಡೆ ಸೇರಿ 10 ಕೆಜಿ. ಭುಜಕ್ಕೆ, ತೋಳಿಗೆ ಇದು ಸಾಕು. ಆದರೆ ಡಂಬೆಲ್ ಎದೆಗೆ ಆನಿಸಿಕೊಂಡು ಬಸ್ಕಿ ಹೊಡೆಯೋಕೆ, ಬಗ್ಗಿ ಒಂದೇ ಕೈಯಲ್ಲಿ ಮೇಲಕ್ಕೆ ಎಳೆಯೋಕೆ 10 ಕೆಜಿ ಬೇಗನೆ ಹಗುರ ಅನಿಸುತ್ತದೆ. ಮನೆಯಲ್ಲಿ ಇನ್ನೂ ಪ್ಲೇಟ್ ಬಿದ್ದಿರುತ್ತವೆ, ಹಾಕೋಕೆ ಜಾಗ ಇರುವುದಿಲ್ಲ! ಸಾಲದ್ದಕ್ಕೆ, ಒಮ್ಮೆ ಕೈಜಾರಿ ಬಿದ್ದು ಚಿಪ್ಪು ಸೀಳಿತು ಅಂದರೆ ಆಮೇಲೆ ದಿನಾ ಸಿಮೆಂಟಿನ ಪುಡಿ ಗುಡಿಸಬೇಕು.

ನಾನು ತಂದಿದ್ದು ಎರಡೂವರೆ ಕೆಜಿಯ ನಾಲ್ಕು, ಒಂದೂಕಾಲು ಕೆಜಿಯ ನಾಲ್ಕು ಕಬ್ಬಿಣದ ಪ್ಲೇಟ್, ಎರಡು ರಾಡ್. ಪ್ಲೇಟ್ ಒಟ್ಟು 15 ಕೆಜಿ. ಎರಡು ಡಂಬೆಲ್ ಮಾಡಿದರೆ ಒಂದೊಂದಕ್ಕೆ ಏಳೂವರೆ ಕೆಜಿ, ರಾಡಿನ ತೂಕ ಬೇರೆ. ಎಲ್ಲವನ್ನೂ ಒಂದೇ ರಾಡಿಗೆ ಹಾಕಿದರೆ 15 ಕೆಜಿಗೂ ಮೇಲೆ, ನಟ್ಟಿಗೆ ಜಾಗ ಉಳಿಯುತ್ತದೆ. ಕಬ್ಬಿಣ ಕೆಜಿ ಲೆಕ್ಕದಲ್ಲಿ ಸಿಗುವುದರಿಂದ ಸಂಬಳ ಬಂದ ತಿಂಗಳು ಒಂದು ಜೋಡಿ ಸೇರಿಸಿಕೊಳ್ಳಬಹುದು. ತರುವ ಮುಂಚೆ ಪ್ಲೇಟಿನ ತೂತು ಮಾತ್ರ ಅಳೆಯಿರಿ. ದೊಡ್ಡ ಜಿಮ್‌ಗಳ ಪ್ಲೇಟಿನ ತೂತು 50 ಮಿಲಿಮೀಟರ್, ಮನೆಯ ಸಣ್ಣ ರಾಡಿನಲ್ಲಿ ಅದು ಲೊಡಲೊಡ ಅನ್ನುತ್ತದೆ.

ಕಬ್ಬಿಣಕ್ಕೂ ಕಾಟ ಇಲ್ಲದಿಲ್ಲ. ಕೈ ತಿರುಗಿದಂತೆ ಪ್ಲೇಟ್ ತಿರುಗಿ ನಟ್ ಸಡಿಲ ಆಗುತ್ತದೆ. ಹಳೆ ಸೈಕಲ್ ಟ್ಯೂಬಿನಿಂದ ಉಂಗುರದ ಹಾಗೆ ಕತ್ತರಿಸಿ ನಟ್ಟಿಗೂ ಪ್ಲೇಟಿಗೂ ನಡುವೆ ಹಾಕಿದೆ, ಹಿಡಿತ ಬಂತು. ಆದರೂ ತಲೆಯ ಮೇಲೆ ಎತ್ತುವ ಮುಂಚೆ ಪ್ರತಿ ಸಲ ಬಿಗಿ ಮಾಡಿ ನೋಡಲೇಬೇಕು. ಇನ್ನೊಂದು, ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು. ಕಬ್ಬಿಣ ಬಿದ್ದರೆ ಬಂಡೆ ಬಿರುಕು ಬಿಡುತ್ತದೆ. ಗೋಣಿಚೀಲ ಮಡಚಿ ಮೇಲೆ ಹಳೆ ಕೌದಿ ಹಾಸಿಕೊಂಡಿದ್ದೇನೆ. ಅವ್ವ ಮೊದಲು ಬೈದಳು, ಈಗ ಸುಮ್ನಿದ್ದಾಳೆ.

ಬ್ಯಾಂಡ್ ಕೆಟ್ಟದ್ದೇನಲ್ಲ, ಊರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಳ್ಳಬಹುದು. ಆದರೆ ಎಳೆದಷ್ಟೂ ಬಿಗಿ ಜಾಸ್ತಿ ಆಗುತ್ತದೆ, ಹಾಗಾಗಿ ಹೋದ ವಾರಕ್ಕಿಂತ ಈ ವಾರ ಎಷ್ಟು ಮುಂದೆ ಹೋದೆ ಅಂತ ಗೊತ್ತಾಗುವುದಿಲ್ಲ. ಬಿಸಿಲಿಗೆ ರಬ್ಬರ್ ಒಣಗುತ್ತದೆ, ನಮ್ಮ ಬೇಸಿಗೆ ಗೊತ್ತಲ್ವಾ? ಮಾಳಿಗೆಯ ಮೇಲೆ ಬಿಡಬೇಡಿ. ಎಳೆದು ಬೆಳಕಿಗೆ ಹಿಡಿದಾಗ ಸಣ್ಣ ಸೀಳು ಕಂಡರೆ ಎಸೆಯಿರಿ, ಹರಿದು ಮುಖಕ್ಕೆ ಹೊಡೆಯುತ್ತದೆ.

ಪುಲ್-ಅಪ್ ಬಾರ್‌ನಲ್ಲಿ ಕೊಕ್ಕೆ ಹಾಕಿದಂತೆ ತೂಗುವ ನಮೂನೆಗೆ ಚೌಕಟ್ಟಿನ ಮೇಲೆ ಹೊರಚಾಚಿದ ಪಟ್ಟಿ ಬೇಕು. ನಮ್ಮ ಚೌಕಟ್ಟು ಗೋಡೆಗೆ ಸಮ, ಅದು ನಿಲ್ಲುವುದೇ ಇಲ್ಲ. ತಿರುವಿ ಬಿಗಿಸುವ ಬಾರ್ ಆದರೆ ಗಟ್ಟಿ ಕಟ್ಟಿಗೆಯ ಚೌಕಟ್ಟಿಗೆ ಅದರ ಎರಡು ತುದಿ ಕೂರುವ ಬಟ್ಟಲುಗಳನ್ನು ಸ್ಕ್ರೂ ಹಾಕಿ ಕೂರಿಸಿ. ಬರೀ ಬಿಗಿತ ನಂಬಿ ತೂಗಾಡಬೇಡಿ.

ಬೆಂಚ್ ಈಗ ಬೇಡ, ನೆಲದ ಮೇಲೆ ಮಲಗಿಯೂ ಡಂಬೆಲ್ ಎತ್ತಬಹುದು.

ನಾನು ಬಿಸಿಲು ಏರುವ ಮುಂಚೆ ಅರ್ಧ ಗಂಟೆ ಮಾಡಿ ಕೆಲಸಕ್ಕೆ ಓಡುವವನು. ಅಷ್ಟರಲ್ಲಿ ಕಾಲು, ಬೆನ್ನು, ಎದೆ ಮೂರಕ್ಕೂ ಕೆಲಸ ಕೊಡುವುದು ಡಂಬೆಲ್ಲೇ. ನೀವು ಈಗಾಗಲೇ ಸಲೀಸಾಗಿ ಪುಲ್-ಅಪ್ ಹೊಡೆಯುವವರಾಗಿದ್ದು, ಚೌಕಟ್ಟೂ ಗಟ್ಟಿ ಇದ್ದರೆ ಬಾರ್ ಮೊದಲು ತಗೊಳ್ಳಿ. ನನಗೆ ಇನ್ನೂ ಒಂದು ಪುಲ್-ಅಪ್ ಪೂರ್ತಿ ಬರುವುದಿಲ್ಲ. ಹಾಗಾಗಿ ಮುಂದಿನ ದುಡ್ಡು ಇನ್ನೊಂದು ಜೋಡಿ ಎರಡೂವರೆ ಕೆಜಿ ಪ್ಲೇಟಿಗೆ.