ಒಂದು ನಿಮಿಷದ ಆಶುಭಾಷಣ: ನಿನ್ನೆ-ಇಂದು-ನಾಳೆ ಒಳ್ಳೆಯದಾ, ಪ್ರೆಪ್ ಒಳ್ಳೆಯದಾ?

ಚೀಟಿ ಬಿಚ್ಚಿ ವಿಷಯ ಓದಿದ ಮೇಲೆ ಯೋಚಿಸಲು ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಇಡೀ ಭಾಷಣ ಹೊಳೆಯುವುದಿಲ್ಲ. ಯಾವ ಕ್ರಮದಲ್ಲಿ ಮಾತಾಡಬೇಕು ಅನ್ನುವುದನ್ನು ಮಾತ್ರ ತೀರ್ಮಾನಿಸಬಹುದು, ಚೌಕಟ್ಟು ಬೇಕಾಗುವುದು ಅದಕ್ಕೇ. ನಾನು ಹೆಚ್ಚಾಗಿ ಬಳಸಿ ನೋಡಿರುವುದು ಮೂರನ್ನು: ನಿನ್ನೆ-ಇಂದು-ನಾಳೆ, ನಿಲುವು-ಕಾರಣ-ಉದಾಹರಣೆ-ನಿಲುವು ಅನ್ನುವ ಪ್ರೆಪ್, ಮತ್ತೆ ಏನು-ಅದರಿಂದೇನು-ಈಗೇನು. ಒಂದೇ ವಿಷಯವನ್ನು ಮೂರರಲ್ಲೂ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ ವ್ಯತ್ಯಾಸ ತುಂಬಾ ಚೆನ್ನಾಗಿ ಗೊತ್ತಾಗುತ್ತದೆ. ಯಾವುದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಸಮಯದ ಲೆಕ್ಕ. ಭಾಷಣ ಕಲಿಯುವವರು ಸೇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಲ್ಲಿ ಟೇಬಲ್ ಟಾಪಿಕ್ಸ್ ಅನ್ನುವ ಆಶುಭಾಷಣದ ಭಾಗ ಇರುತ್ತದೆ, ಅದರಲ್ಲಿ ಒಂದು ನಿಮಿಷಕ್ಕೆ ಹಸಿರು ದೀಪ, ಎರಡು ನಿಮಿಷಕ್ಕೆ ಕೆಂಪು ದೀಪ. ಅಂದರೆ ಅಲ್ಲಿ ಒಂದು ನಿಮಿಷ ಅನ್ನುವುದು ಕನಿಷ್ಠ. ಆದರೆ ಸಂದರ್ಶನ, ಗುಂಪು ಚರ್ಚೆ, ತರಗತಿಯ ಸ್ಪರ್ಧೆಗಳಲ್ಲಿ ಎಷ್ಟೋ ಸಲ ಅದೇ ಒಂದು ನಿಮಿಷ ಗರಿಷ್ಠ ಆಗಿರುತ್ತದೆ. ಎರಡು ನಿಮಿಷಕ್ಕೆ ಸರಿಹೋಗುವ ಚೌಕಟ್ಟನ್ನು ಹಾಗೇ ಒಂದು ನಿಮಿಷಕ್ಕೆ ತಂದರೆ ಕೊನೆಯ ಭಾಗ ಕತ್ತರಿಸಿ ಹೋಗುತ್ತದೆ. ಗಡಿಬಿಡಿ ಇಲ್ಲದೆ ಮಾತಾಡಿದರೆ ಒಂದು ನಿಮಿಷದಲ್ಲಿ ಹಿಡಿಸುವುದು ಹತ್ತು ಹನ್ನೆರಡು ವಾಕ್ಯ, ಅಷ್ಟೇ. ಮೂರು ಭಾಗ ಅಂದರೆ ಒಂದೊಂದಕ್ಕೆ ಮೂರು, ನಾಲ್ಕು ವಾಕ್ಯ.

ಈಗ ನಿನ್ನೆ-ಇಂದು-ನಾಳೆ. ಎಲ್ಲರಿಗೂ ಮೊದಲು ಹೇಳಿಕೊಡುವುದು ಇದನ್ನೇ. ಕಾರಣ ಸರಳ, ಇದನ್ನು ನೆನಪಿಟ್ಟುಕೊಳ್ಳಬೇಕಾಗಿಯೇ ಇಲ್ಲ. ಎಷ್ಟೇ ಗಾಬರಿಯಾಗಿದ್ದರೂ ನಿನ್ನೆ ಆದ ಮೇಲೆ ಇಂದು ಬರುತ್ತದೆ ಅನ್ನುವುದು ಮರೆಯುವುದಿಲ್ಲ. ಕೇಳುವವರಿಗೂ ಸುಲಭ, 'ಮೊದಲೆಲ್ಲ' ಅಂತ ಶುರು ಮಾಡಿದ ಕೂಡಲೇ ಮುಂದೆ 'ಈಗ' ಬರುತ್ತದೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ಒಂದು ವಿಷಯ ತೆಗೆದುಕೊಳ್ಳೋಣ: ಬೀಗ. ಚೀಟಿಯಲ್ಲಿ ಇಷ್ಟೇ ಇದೆ, ಒಂದೇ ಪದ. ಇದನ್ನು ಹೀಗೆ ಕಟ್ಟಬಹುದು:

"ಮೊದಲೆಲ್ಲ ಬೀಗ ಅಂದರೆ ಕಬ್ಬಿಣದ್ದು. ಅದಕ್ಕೊಂದು ಕೀಲಿಕೈ, ಅದು ಮನೆಯ ಒಬ್ಬರ ಹತ್ತಿರ. ಕೀಲಿಕೈ ಕಳೆದುಹೋದರೆ ಬೀಗ ಒಡೆದು ಹೊಸದು ಹಾಕುತ್ತಿದ್ದೆವು. ಇವತ್ತು ನನ್ನ ದೊಡ್ಡ ಬೀಗಗಳು ಬಾಗಿಲಲ್ಲಿ ಇಲ್ಲ, ಫೋನಿನಲ್ಲಿವೆ. ನನ್ನ ಹಣ, ಪತ್ರಗಳು, ಫೋಟೋಗಳು ಎಲ್ಲ ಒಂದು ಪಾಸ್‌ವರ್ಡಿನ ಹಿಂದೆ. ಅದು ಕಳುವಾದರೆ ಬದಲಿಸಬಹುದು, ಅದೇ ಒಂದು ಸಮಾಧಾನ. ನಾಳೆ ನನ್ನ ಮುಖ, ನನ್ನ ಬೆರಳೇ ಕೀಲಿಕೈ. ಮರೆಯುವ ಭಯ ಇಲ್ಲ, ಕಳೆಯುವ ಭಯ ಇಲ್ಲ. ಆದರೆ ಆ ಬೆರಳಚ್ಚಿನ ಮಾಹಿತಿ ಯಾರದ್ದೋ ಕೈಗೆ ಸಿಕ್ಕರೆ ನಾನು ಬೆರಳು ಬದಲಿಸಲು ಆಗುವುದಿಲ್ಲ. ಹಾಗಾಗಿ ನನ್ನ ನಾಳೆಯ ಬೀಗವನ್ನು ಯಾರ ಕೈಗೆ ಕೊಡುತ್ತಿದ್ದೇನೆ ಅಂತ ಇವತ್ತೇ ಕೇಳಿಕೊಳ್ಳುತ್ತೇನೆ."

ಈ ಭಾಷಣ ಗಟ್ಟಿಯಾಗಿ ನಿಲ್ಲುವುದು ಯಾಕೆ ಗೊತ್ತಾ? ಮೂರು ಕಾಲಕ್ಕೂ ಒಂದೇ ಪ್ರಶ್ನೆ ಇದೆ: ಕೀಲಿಕೈ ಕಳೆದರೆ ಏನಾಗುತ್ತದೆ? ನಿನ್ನೆ ಬೀಗ ಒಡೆಯುತ್ತಿದ್ದೆವು, ಇಂದು ಪಾಸ್‌ವರ್ಡ್ ಬದಲಿಸುತ್ತೇವೆ, ನಾಳೆ ಬದಲಿಸಲು ಆಗುವುದಿಲ್ಲ. ಈ ದಾರ ಇಲ್ಲದೆ ಹೋದರೆ ನಿನ್ನೆ-ಇಂದು-ನಾಳೆ ಮೂರು ಬಿಡಿ ಬಿಡಿ ಚಿತ್ರ ಆಗುತ್ತದೆ: ಮೊದಲು ಬೀಗ ದೊಡ್ಡದಿತ್ತು, ಈಗ ಚಿಕ್ಕದಾಗಿದೆ, ಮುಂದೆ ಇನ್ನೂ ಬದಲಾಗಬಹುದು. ವ್ಯಾಕರಣ ಸರಿ ಇದೆ, ಸಮಯವೂ ತುಂಬಿದೆ, ಆದರೆ ಕೇಳಿದವರಿಗೆ ಏನೂ ಸಿಗಲಿಲ್ಲ. ಈ ಚೌಕಟ್ಟಿನ ದೊಡ್ಡ ಅಪಾಯ ಇದೇ, ಏನೂ ಹೇಳದೆ ಒಂದು ನಿಮಿಷ ಮುಗಿಸಲು ಇದು ಬಿಟ್ಟುಬಿಡುತ್ತದೆ.

ಇನ್ನೊಂದು ತೊಂದರೆ, ನಿನ್ನೆ ಅನ್ನುವುದು ಸಮಯ ನುಂಗುತ್ತದೆ. ನೆನಪು ಸಲೀಸಾಗಿ ಬರುತ್ತದಲ್ವಾ, ಹಾಗಾಗಿ ನಲವತ್ತು ಸೆಕೆಂಡು ಅಲ್ಲೇ ಹೋಗಿ 'ನಾಳೆ'ಗೆ ಒಂದೇ ಒಂದು ಪೊಳ್ಳು ವಾಕ್ಯ ಉಳಿಯುತ್ತದೆ. ರೆಕಾರ್ಡಿಂಗ್‌ನಲ್ಲಿ ಇದನ್ನು ಗುರುತಿಸುವುದು ಸುಲಭ: 'ಈಗ' ಅಥವಾ 'ಇವತ್ತು' ಅನ್ನುವ ಪದ ಯಾವ ಸೆಕೆಂಡಿಗೆ ಬಂತು ನೋಡಿ. ಇಪ್ಪತ್ತು ದಾಟಿದ್ದರೆ ಕೊನೆ ಸೊರಗಿರುತ್ತದೆ. ಇದಕ್ಕೆ ನನಗೆ ಕೆಲಸ ಮಾಡಿದ ಮದ್ದು, ಬಾಯಿ ತೆರೆಯುವ ಮೊದಲೇ ನಾಳೆಯ ವಾಕ್ಯವನ್ನು ಗೊತ್ತುಮಾಡಿಕೊಳ್ಳುವುದು. ಮೇಲಿನ ಭಾಷಣದಲ್ಲಿ ಮೊದಲು ಹೊಳೆಯಬೇಕಾದದ್ದು "ಬೆರಳು ಬದಲಿಸಲು ಆಗುವುದಿಲ್ಲ" ಅನ್ನುವುದು. ಅದು ಸಿಕ್ಕಿದ ಮೇಲೆ ನಿನ್ನೆಯಲ್ಲಿ ಏನು ಹೇಳಬೇಕು, ಏನು ಬಿಡಬೇಕು ಅನ್ನುವುದು ತಾನಾಗಿ ತೀರ್ಮಾನ ಆಗುತ್ತದೆ.

ಯಾರ ನಿನ್ನೆ ಅನ್ನುವುದೂ ಮುಖ್ಯ. ನನ್ನ ಬಾಲ್ಯದಿಂದ ಶುರು ಮಾಡಿ, ಇಂದಿಗೆ ಬಂದಾಗ ಇಡೀ ಸಮಾಜಕ್ಕೆ ಹಾರಿ, ನಾಳೆಗೆ ಬರುವಾಗ ಮನುಕುಲಕ್ಕೆ ಹೋಗಿಬಿಟ್ಟರೆ ಮಾತು ಜಾರಿಹೋಗುತ್ತದೆ. ನನ್ನ ನಿನ್ನೆ ಆದರೆ ನಾಳೆಯೂ ನನ್ನದೇ ಇರಲಿ.

ಇದೇ ಬೀಗವನ್ನು ಪ್ರೆಪ್‌ನಲ್ಲಿ ಹಾಕಿದರೆ? ಪ್ರೆಪ್ ಅಂದರೆ ಪಾಯಿಂಟ್, ರೀಸನ್, ಎಕ್ಸಾಂಪಲ್, ಮತ್ತೆ ಪಾಯಿಂಟ್. ನಿಲುವು ಹೇಳು, ಕಾರಣ ಕೊಡು, ಉದಾಹರಣೆ ತೋರಿಸು, ನಿಲುವಿಗೆ ವಾಪಸ್ ಬಾ. ಬೀಗದ ಬಗ್ಗೆ ನಿಲುವು ಏನು? ಇಲ್ಲೇ ತಡವಾಗುತ್ತದೆ. "ಬೀಗಕ್ಕಿಂತ ಒಳ್ಳೆಯ ಅಕ್ಕಪಕ್ಕದವರು ಮನೆಯನ್ನು ಜಾಸ್ತಿ ಕಾಯುತ್ತಾರೆ" ಅಂತ ಒಂದು ನಿಲುವು ಕಂಡುಕೊಂಡರೆ ಭಾಷಣ ನಿಜಕ್ಕೂ ಚೂಪಾಗಿರುತ್ತದೆ, ನಿನ್ನೆ-ಇಂದು-ನಾಳೆಗಿಂತ ಚೂಪು. ಆದರೆ ಆ ವಾಕ್ಯ ಹುಡುಕಲು ಬೇಕಾದ ಸಮಯ ಎಲ್ಲಿದೆ? ವೇದಿಕೆಯಲ್ಲಿ ಅದು ದೊಡ್ಡ ಮೌನ ಆಗಿಬಿಡುತ್ತದೆ. ಬರೀ ವಸ್ತುವಿನ ಹೆಸರು ಬಂದಾಗ ನಾನು ಪ್ರೆಪ್ ಹಿಡಿಯುವುದಿಲ್ಲ.

ಆದರೆ ವಿಷಯ ಹೀಗಿದ್ದರೆ: ಮಕ್ಕಳಿಗೆ ಹೋಂವರ್ಕ್ ಕೊಡಬೇಕಾ? ಇಲ್ಲಿ ಎಲ್ಲ ತಿರುಗಿಬಿಡುತ್ತದೆ. ನಿನ್ನೆ-ಇಂದು-ನಾಳೆಯಲ್ಲಿ ಮಾತಾಡಿದರೆ ಮೊದಲು ಹೋಂವರ್ಕ್ ಹೇಗಿತ್ತು, ಈಗ ಹೇಗಿದೆ ಅಂತ ಅರ್ಧ ನಿಮಿಷ ಹೋಗುತ್ತದೆ, ಕೇಳುವವರು 'ಅದು ಸರಿ, ಕೊಡಬೇಕಾ ಬೇಡವಾ' ಅಂತ ಕಾಯುತ್ತಲೇ ಇರುತ್ತಾರೆ. ಪ್ರಶ್ನೆಗೆ ಉತ್ತರ ತಡ ಮಾಡಿದಷ್ಟೂ ತಪ್ಪಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತದೆ. ಪ್ರೆಪ್‌ನಲ್ಲಿ ಮೊದಲ ವಾಕ್ಯದಲ್ಲೇ ಉತ್ತರ ಇದೆ:

"ಕೊಡಬೇಕು, ಆದರೆ ಮಗು ಯಾರ ಸಹಾಯವೂ ಇಲ್ಲದೆ ಮುಗಿಸುವಷ್ಟು ಮಾತ್ರ. ಯಾಕೆಂದರೆ ತರಗತಿಯಲ್ಲಿ ಅರ್ಥ ಆಗಿದ್ದು ನಿಜಕ್ಕೂ ಅರ್ಥ ಆಗಿದೆಯಾ ಅನ್ನುವುದು ಒಬ್ಬರೇ ಕೂತು ಮಾಡಿದಾಗ ಗೊತ್ತಾಗುತ್ತದೆ. ಭಾಗಾಕಾರ ಕಲಿತ ಮಗು ಮನೆಯಲ್ಲಿ ನಾಲ್ಕು ಲೆಕ್ಕ ಮಾಡಿತು ಅಂದುಕೊಳ್ಳಿ. ಎರಡು ತಪ್ಪಾಯಿತು. ಎಲ್ಲಿ ತಪ್ಪಾಯಿತು ಅಂತ ಮರುದಿನ ಶಿಕ್ಷಕರಿಗೆ ಕಾಣುತ್ತದೆ. ಅದೇ ನಾಲ್ಕು ಲೆಕ್ಕವನ್ನು ಅಪ್ಪ ಪಕ್ಕದಲ್ಲಿ ಕೂತು ಮಾಡಿಸಿದ್ದರೆ ಎಲ್ಲ ಸರಿ ಇರುತ್ತಿತ್ತು, ಆದರೆ ಮಗುವಿಗೆ ಏನು ಬರುತ್ತದೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಹೋಂವರ್ಕ್ ಇರಲಿ, ಅದು ಮಗುವಿನದ್ದೇ ಆಗಿರಲಿ."

ಇಲ್ಲಿ ಗಮನಿಸಿ, ಭಾರ ಹೊತ್ತಿರುವುದು ಉದಾಹರಣೆ. ಅರ್ಧ ನಿಮಿಷ ಅದಕ್ಕೇ ಹೋಗಬೇಕು. ಪ್ರೆಪ್ ಕೆಡುವುದೂ ಅಲ್ಲೇ. ತುಂಬಾ ಜನ ಒಂದು ಕಾರಣ ಆದ ಮೇಲೆ ಇನ್ನೊಂದು, ಮತ್ತೊಂದು ಕಾರಣ ಸೇರಿಸುತ್ತಾ ಹೋಗುತ್ತಾರೆ, ಉದಾಹರಣೆಗೆ ಜಾಗವೇ ಇರುವುದಿಲ್ಲ. ಒಂದು ನಿಮಿಷಕ್ಕೆ ಒಂದೇ ಕಾರಣ ಸಾಕು. ಕೊನೆಯ ಪಾಯಿಂಟ್ ಮೊದಲನೆಯದರ ನಕಲು ಆಗಬಾರದು, ಉದಾಹರಣೆಯಿಂದ ಏನು ಸಿಕ್ಕಿತೋ ಅದನ್ನು ಸೇರಿಸಿಕೊಂಡು ಬರಬೇಕು. ಇದರಲ್ಲಿ ಇನ್ನೊಂದು ಅನುಕೂಲ ಇದೆ, ಸಮಯ ಮುಗಿಯಿತು ಅಂತ ಗಂಟೆ ಹೊಡೆದರೂ ನಷ್ಟ ಕಡಿಮೆ, ಉತ್ತರ ಆಗಲೇ ಹೇಳಿ ಆಗಿರುತ್ತದೆ. ನಿನ್ನೆ-ಇಂದು-ನಾಳೆಯಲ್ಲಿ ಗಂಟೆ ಹೊಡೆದರೆ ಕಳೆದುಹೋಗುವುದು ಅತಿ ಮುಖ್ಯವಾದ ವಾಕ್ಯವೇ. ಸಂದರ್ಶನಕ್ಕೆ ಹೋಗುವವರಿಗೆ ನಾನು ಪ್ರೆಪ್ ಅನ್ನೇ ಹೇಳುವುದು ಈ ಕಾರಣಕ್ಕೆ.

ಮೂರನೆಯದು, ಏನು-ಅದರಿಂದೇನು-ಈಗೇನು. ಒಂದು ಘಟನೆ ಅಥವಾ ಸನ್ನಿವೇಶ ಕೊಟ್ಟಾಗ ಇದಕ್ಕೆ ಸಾಟಿ ಇಲ್ಲ. "ನಿಮ್ಮ ತಂಡದ ಒಬ್ಬರು ಕೊನೇ ಗಳಿಗೆಯಲ್ಲಿ ಬರಲಿಲ್ಲ" ಅಂತ ಚೀಟಿ ಬಂದರೆ ಏನಾಯಿತು, ಅದರಿಂದ ಯಾರಿಗೆ ಏನು ತೊಂದರೆ, ಈಗ ಏನು ಮಾಡುತ್ತೇನೆ ಅಂತ ನೇರವಾಗಿ ಹೋಗಬಹುದು. ಬೀಗದಂಥ ವಿಷಯಕ್ಕೆ ಹಾಕಿದರೆ 'ಏನು' ಅನ್ನುವ ಭಾಗ ಬೀಗ ಅಂದರೇನು ಅಂತ ವಿವರಿಸುವ ಪ್ರಬಂಧ ಆಗಿಬಿಡುತ್ತದೆ. ಕಷ್ಟ ಇರುವುದು ನಡುವಿನ ಭಾಗದಲ್ಲಿ. 'ಅದರಿಂದೇನು' ಅಂತ ಬಂದಾಗ ನಾಲಿಗೆ ಸುಮ್ನೆ ಮೊದಲ ಭಾಗವನ್ನೇ ಬೇರೆ ಪದಗಳಲ್ಲಿ ಹೇಳುತ್ತದೆ. ಆ ಭಾಗದಲ್ಲಿ ಒಬ್ಬ ಮನುಷ್ಯ ಮತ್ತು ಅವನಿಗೆ ಆದ ಒಂದು ಪರಿಣಾಮ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಅದು ಪುನರಾವರ್ತನೆ.

ಎರಡೂ ಕಡೆ ಹೇಳುವ ಅನುಕೂಲ-ಅನಾನುಕೂಲ ಕ್ರಮವನ್ನೂ ನೋಡಿದ್ದೇನೆ. ಒಂದು ನಿಮಿಷಕ್ಕೆ ಅದು ಬೇಡ. ಎರಡು ಕಡೆಗೂ ಸಮಯ ಕೊಟ್ಟು ಮುಗಿಸುವಷ್ಟರಲ್ಲಿ ತೀರ್ಪಿಗೆ ಜಾಗ ಇರುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ವಿಷಯದ ಕೊನೆಯ ಪದವನ್ನು ಕೇಳುವಾಗಲೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದಕ್ಕೆ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಬಹುದಾ? ಕೊಡಬಹುದಾದರೆ ಪ್ರೆಪ್. ಏನೋ ನಡೆದಿದೆ ಅಂತ ಹೇಳುತ್ತಿದ್ದರೆ ಏನು-ಅದರಿಂದೇನು-ಈಗೇನು. ಎರಡೂ ಅಲ್ಲ, ಬರೀ ಒಂದು ಹೆಸರು ಇದೆ ಅಂದರೆ ನಿನ್ನೆ-ಇಂದು-ನಾಳೆ. ಇದು ಒಂದೆರಡು ಸೆಕೆಂಡಿನ ಕೆಲಸ, ಉಳಿದದ್ದು ಕೊನೆಯ ವಾಕ್ಯ ಹುಡುಕಲು.

ಇನ್ನು, ವಿಷಯದ ಬಗ್ಗೆ ಏನೇನೂ ಗೊತ್ತಿಲ್ಲದೆ ಹೋದರೆ? ಕಪ್ಪುಕುಳಿ ಅಂತ ಚೀಟಿ ಬಂತು ಅಂದುಕೊಳ್ಳಿ. ಪ್ರೆಪ್ ಅಲ್ಲಿ ನಿಂತೇ ಹೋಗುತ್ತದೆ, ಗೊತ್ತಿಲ್ಲದ ವಿಷಯದಲ್ಲಿ ನಿಲುವು ಎಲ್ಲಿಂದ ತರುವುದು? ಇಲ್ಲಿ ನಿನ್ನೆ-ಇಂದು-ನಾಳೆ ನಿಜಕ್ಕೂ ಕಾಪಾಡುತ್ತದೆ, ಆದರೆ ವಿಷಯದ ಇತಿಹಾಸ ಅಲ್ಲ, ಆ ವಿಷಯದ ಜೊತೆಗಿನ ನಿಮ್ಮ ಸಂಬಂಧದ ಇತಿಹಾಸ. ಚಿಕ್ಕವರಿದ್ದಾಗ ಹೆಸರು ಕೇಳಿ ಆಕಾಶದಲ್ಲೊಂದು ತೂತು ಅಂದುಕೊಂಡಿದ್ದಿರಬಹುದು. ಈಗ ಬೆಳಕು ಕೂಡ ಹೊರಗೆ ಬರಲಾಗದ ಜಾಗ ಅನ್ನುವಷ್ಟು ಗೊತ್ತಿರಬಹುದು. ಬೆಳಕೇ ಬಾರದ್ದನ್ನು ಇದೆ ಅಂತ ಹೇಗೆ ಕಂಡುಹಿಡಿದರು ಅನ್ನುವುದನ್ನು ಮುಂದೆ ತಿಳಿಯಬೇಕು ಅಂತ ಮುಗಿಸಬಹುದು. ಇದರಲ್ಲಿ ಒಂದೂ ಸುಳ್ಳಿಲ್ಲ, ಮೂರು ಭಾಗವೂ ತುಂಬಿದೆ, ಕೊನೆಯ ಪ್ರಶ್ನೆಯನ್ನು ಕೇಳುವವರೂ ತಮ್ಮ ಜೊತೆ ತೆಗೆದುಕೊಂಡು ಹೋಗುತ್ತಾರೆ.