ಹಳೇ ಎಸಿಗೆ ವೈಫೈ ಹಾಕಿಸುವ ಮುಂಚೆ ಇದನ್ನು ಓದಿ. ಆ್ಯಪ್‌ನಲ್ಲಿ ‘ಆಫ್’ ಅಂತಿದ್ದರೂ ನಮ್ಮ ಎಸಿ ಓಡುತ್ತಿತ್ತು

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ನಾಚಿಕೆ ಆಗುತ್ತದೆ. ಆದರೆ ನಿನ್ನೆ, ನಮಗೆ ಇದನ್ನು ಮಾರಿದ ಅಂಗಡಿಯವನ ವಾಟ್ಸಾಪ್ ಸ್ಟೇಟಸ್‌ನಲ್ಲಿ, ರಿಮೋಟಿನ ಬದಲು ಫೋನಿನಿಂದ ಎಸಿ ನಡೆಸುವ ಅದೇ ವೈಫೈ ಡಬ್ಬಿ ಮತ್ತೆ ಕಾಣಿಸಿತು. ‘ಯಾವುದೇ ಹಳೇ ಎಸಿ, 20 ನಿಮಿಷದಲ್ಲಿ ಸ್ಮಾರ್ಟ್’ ಅಂತ. ಹಾಗಾಗಿ ಬರೆಯುತ್ತಿದ್ದೇನೆ. ಮುಂಬೈಯಲ್ಲಿರುವ ನಮ್ಮವರು ಯಾರಾದರೂ ಇದನ್ನು ಹಾಕಿಸಲು ಹೊರಟಿದ್ದರೆ ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಮುಲುಂಡಿನಲ್ಲಿ. ಅತ್ತೆಯ ಕೋಣೆಯಲ್ಲಿರುವುದು 2013ರ ಒಂದೂವರೆ ಟನ್ ಸ್ಪ್ಲಿಟ್ ಎಸಿ. ಇನ್ವರ್ಟರ್ ಅಲ್ಲ. ಚೆನ್ನಾಗಿಯೇ ತಂಪು ಮಾಡುತ್ತದೆ, ಬದಲಿಸಲು ಮನಸ್ಸಾಗಲಿಲ್ಲ. ತೊಂದರೆ ಇದ್ದದ್ದು ಒಂದೇ. ಬೆಳಗಿನ ಜಾವ ಅತ್ತೆಗೆ ಚಳಿಯಾಗುತ್ತದೆ, ಕತ್ತಲಲ್ಲಿ ಕನ್ನಡಕ ಇಲ್ಲದೆ ರಿಮೋಟ್ ಸಿಗುವುದಿಲ್ಲ. ರಾತ್ರಿ 10:30ಕ್ಕೆ ತಾನೇ ಆನ್ ಆಗಿ ಬೆಳಗಿನ ಜಾವ 5ಕ್ಕೆ ತಾನೇ ಆಫ್ ಆದರೆ ಸಾಕಿತ್ತು.

ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದೆ. “ಮೇಡಂ, ರಿಮೋಟ್ ಇದೆಯಲ್ಲ? ರಿಮೋಟ್ ಇದ್ದ ಮೇಲೆ ಮುಗೀತು. ಗ್ಯಾರಂಟಿ” ಅಂದ. ಡಬ್ಬಿ, ಫಿಟ್ಟಿಂಗ್ ಎಲ್ಲ ಸೇರಿ 3,800 ರೂಪಾಯಿ. ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ ಅಂದ. ನಾನು ಬಿಲ್ ಬೇಡ ಅಂದೆ. ಇದು ನನ್ನ ಮೊದಲ ತಪ್ಪು.

ಹುಡುಗನೊಬ್ಬ ಮನೆಗೆ ಬಂದ. ಆ್ಯಪ್‌ನಲ್ಲಿ ಎಸಿ ಕಂಪನಿಗಳ ಪಟ್ಟಿ ಇರುತ್ತದೆ. ನಮ್ಮ ಕಂಪನಿಯ ಹೆಸರಿನ ಕೆಳಗಿದ್ದ ಕೋಡ್‌ಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದ. ಎಸಿ ಒಂದಕ್ಕೂ ಮಾತಾಡಲಿಲ್ಲ. “ಪರವಾಗಿಲ್ಲ, ಕಲಿಸಿಬಿಡುತ್ತೇನೆ” ಅಂದ. ಕಲಿಸುವುದು ಅಂದರೆ, ನಮ್ಮ ರಿಮೋಟನ್ನು ಡಬ್ಬಿಯ ಮುಂದೆ ಹಿಡಿದು ಬಟನ್ ಒತ್ತುವುದು. ರಿಮೋಟಿನ ತುದಿಯ ದೀಪ ಮಿನುಗುವ ರೀತಿಯನ್ನು ಡಬ್ಬಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಹೇಳಿದಾಗ ಹಾಗೇ ಮಿನುಗುತ್ತದೆ. ಅಷ್ಟೇ. ಅದರ ಅರ್ಥ ಏನು ಅಂತ ಡಬ್ಬಿಗೆ ಗೊತ್ತಿರುವುದಿಲ್ಲ. ಈ ಮಾತು ನೆನಪಿಡಿ.

ಹುಡುಗ ಪವರ್ ಬಟನ್ ಒತ್ತಿ ಅದಕ್ಕೆ ‘ಆನ್’ ಅಂತ ಹೆಸರಿಟ್ಟ. ಇನ್ನೊಮ್ಮೆ ಅದೇ ಬಟನ್ ಒತ್ತಿ ‘ಆಫ್’ ಅಂತ ಹೆಸರಿಟ್ಟ. ಫೋನಿನಿಂದ ಆನ್ ಮಾಡಿದ, ಆಯಿತು. ಆಫ್ ಮಾಡಿದ, ಆಯಿತು. ಅತ್ತೆ ಅವನಿಗೆ ಚಹಾ ಕೊಟ್ಟರು. ಹೊರಟುಹೋದ.

ಮೊದಲ ವಾರವೇ ಅತ್ತೆ ಹೇಳಿದ್ದರು. “ಬೆಳಗಿನ ಜಾವ ತಾನ ಚಾಲೂ ಆಗತೈತಿ ನೋಡವಾ ಇದು” ಅಂತ. ನಾನು ನಂಬಲಿಲ್ಲ. “ಅತ್ತೆ, ನಿದ್ದೆಗಣ್ಣಲ್ಲಿ ನೀವೇ ಒತ್ತಿರಬೇಕು” ಅಂದೆ. ಎರಡು ಸಲ ಹೇಳಿದರು, ಎರಡು ಸಲವೂ ನಾನು ಹೀಗೇ ಅಂದೆ. ಮೂರನೇ ಸಲ ಅವರು ಹೇಳಲೇ ಇಲ್ಲ, ದಪ್ಪ ಕಂಬಳಿ ತೆಗೆದಿಟ್ಟುಕೊಂಡರು. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಮದುವೆ. ಬುಧವಾರ ಮನೆಗೆ ಬೀಗ ಹಾಕಿ ಎಲ್ಲರೂ ಹೊರಟೆವು. ಹೊರಡುವ ಮುಂಚೆ ನಾನೇ ಕೈಯಾರೆ ಎಸಿ ಆಫ್ ಮಾಡಿದೆ. ಆ್ಯಪ್‌ನಲ್ಲಿ ರಾತ್ರಿಯ ಆನ್ ಶೆಡ್ಯೂಲ್ ತೆಗೆದೆ. ಬೆಳಗಿನ ಆಫ್ ಶೆಡ್ಯೂಲ್ ಮಾತ್ರ ಹಾಗೇ ಬಿಟ್ಟೆ. ಇರಲಿ, ಆಫ್ ಆಗಿರುವುದನ್ನು ಇನ್ನೊಮ್ಮೆ ಆಫ್ ಮಾಡಿದರೆ ನಷ್ಟ ಏನು ಅಂತ. ಭದ್ರತೆಗೆ ಅಂತ ಬಿಟ್ಟಿದ್ದು ಅದು!

ಗುರುವಾರ ಮಧ್ಯಾಹ್ನ ಕೆಳಗಿನ ಮನೆಯ ಕಾಕು ಫೋನ್ ಮಾಡಿದರು. ನಮ್ಮ ಎಸಿ ಪೈಪಿನ ನೀರು ಅವರ ಕಿಟಕಿಯ ಗ್ರಿಲ್ ಮೇಲೆ ತೊಟ್ಟಿಕ್ಕುತ್ತಿದೆ, ಒಣಗಲು ಇಟ್ಟಿದ್ದ ಸಾಬುದಾಣಿ ಹಪ್ಪಳ ಎಲ್ಲ ನೆನೆದಿದೆ ಅಂತ. ನಾನು ಆ್ಯಪ್ ತೆರೆದೆ. ಆಫ್. “ಕಾಕು, ನಮ್ಮದು ಬಂದ್ ಇದೆ, ನಾವು ಊರಲ್ಲೇ ಇಲ್ಲ, ಬೇರೆ ಯಾರದ್ದೋ ಇರಬೇಕು” ಅಂದೆ. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಸ್ಕ್ರೀನ್‌ಶಾಟ್ ಬೇರೆ ಕಳಿಸಿದೆ. ಅರವತ್ತು ದಾಟಿದ ಹೆಂಗಸಿಗೆ, ಸಾಕ್ಷಿ ಅಂತ.

ಶುಕ್ರವಾರ ನೀರು ನಿಂತಿತು. ನೋಡಿದಿರಾ, ನಮ್ಮದಲ್ಲ ಅಂತ ಮನೆಯವರ ಹತ್ತಿರ ಹೇಳಿಕೊಂಡೆ.

ಶನಿವಾರ ಮತ್ತೆ ಶುರು. ಸಂಜೆ ಆರಕ್ಕೆ ಕಾಕು ಈ ಸಲ ವಿಡಿಯೋ ಕಳಿಸಿದರು. ನಮ್ಮ ಹೊರಗಿನ ಯೂನಿಟ್ಟಿನ ಫ್ಯಾನ್ ಗರಗರ ತಿರುಗುತ್ತಿದೆ. ಆ್ಯಪ್ ಇನ್ನೂ ಆಫ್ ಅಂತಲೇ ಹೇಳುತ್ತಿದೆ. ಗಾಬರಿಯಿಂದ ಆಫ್ ಒತ್ತಿದೆ. “ಹಾಂ, ನಿಂತಿತು” ಅಂದರು ಕಾಕು. ಹತ್ತು ಸಲ ಕ್ಷಮೆ ಕೇಳಿದೆ. ರಾತ್ರಿ ರೈಲಿನಲ್ಲಿ ಮಲಗುವಾಗ ಮನಸ್ಸು ತಡೆಯಲಿಲ್ಲ. ಹನ್ನೊಂದರ ಹೊತ್ತಿಗೆ, ಎಲ್ಲಾದರೂ ಮತ್ತೆ ಆನ್ ಆಗಿದ್ದರೆ ಅಂತ ಇನ್ನೊಮ್ಮೆ ಆಫ್ ಒತ್ತಿದೆ.

ಭಾನುವಾರ ಬೆಳಗ್ಗೆ ಬಾಗಿಲು ತೆಗೆದೆವು. ಎಸಿ ಆಫ್. ಆ್ಯಪ್ ಆಫ್. ಆದರೆ ಅತ್ತೆಯ ಕೋಣೆ ಫ್ರಿಜ್ ತರ ತಣ್ಣಗಿತ್ತು, ಕಿಟಕಿ ಗಾಜಿನ ಹೊರಬದಿಗೆ ನೀರು ಕೂತಿತ್ತು. ಎಸಿಯ ಎದುರು ನಿಂತು ಫೋನಿನಲ್ಲಿ ಆಫ್ ಒತ್ತಿದೆ. ‘ಟಿಂಗ್’ ಅಂತು, ಮುಚ್ಚಳ ತೆರೆಯಿತು, ಎಸಿ ಆನ್ ಆಯಿತು. ಮತ್ತೆ ಆಫ್ ಒತ್ತಿದೆ, ಆಫ್ ಆಯಿತು. ಆನ್ ಒತ್ತಿದೆ, ಆನ್. ಇನ್ನೊಮ್ಮೆ ಆನ್ ಒತ್ತಿದೆ, ಆಫ್! ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ.

ಅಲ್ಲಿಗೆ ಎಲ್ಲ ಅರ್ಥವಾಯಿತು. ನಮ್ಮ ರಿಮೋಟಿನಲ್ಲಿ ಆನ್‌ಗೆ ಬೇರೆ ಕೋಡ್, ಆಫ್‌ಗೆ ಬೇರೆ ಕೋಡ್ ಇಲ್ಲ. ಎರಡಕ್ಕೂ ಒಂದೇ. ‘ಈಗ ಹೇಗಿದ್ದೀಯೋ ಅದರ ಉಲ್ಟಾ ಆಗು’ ಅನ್ನುವ ಕೋಡ್ ಅದು. ಹುಡುಗ ಒಂದೇ ಕೋಡನ್ನು ಎರಡು ಸಲ ಕಲಿಸಿ ಎರಡು ಹೆಸರು ಇಟ್ಟು ಹೋಗಿದ್ದ.

ಈಗ ಲೆಕ್ಕ ಹಾಕಿ. ಗುರುವಾರ 5ಕ್ಕೆ ‘ಆಫ್’ ಶೆಡ್ಯೂಲ್ ಬಂತು, ಎಸಿ ಆನ್ ಆಯಿತು. ಶುಕ್ರವಾರ 5ರವರೆಗೆ 24 ತಾಸು ಓಡಿತು, ಆಮೇಲೆ ಆಫ್. ಶನಿವಾರ 5ಕ್ಕೆ ಮತ್ತೆ ಆನ್, ಸಂಜೆ ಆರಕ್ಕೆ ನಾನು ಒತ್ತಿದಾಗ ಆಫ್. ಅದು 13 ತಾಸು. ರಾತ್ರಿ ಹನ್ನೊಂದಕ್ಕೆ ಭದ್ರತೆಗೆ ಅಂತ ಒತ್ತಿದೆನಲ್ಲ, ಆಗ ಆನ್. ಬೆಳಗ್ಗೆ 5ಕ್ಕೆ ಆಫ್. ಒಟ್ಟು 43 ತಾಸು, ಖಾಲಿ ಮನೆಯಲ್ಲಿ. ಊರಿಗೆ ಹೋಗುವಾಗ ಮೀಟರ್ ಫೋಟೋ ತೆಗೆಯುವುದು ನಮ್ಮ ಮನೆಯವರ ರೂಢಿ. ಫ್ರಿಜ್ ಸೇರಿ 61 ಯೂನಿಟ್ ಓಡಿತ್ತು. ಮುಂಚೆ ಇಷ್ಟೇ ದಿನ ಊರಿಗೆ ಹೋದಾಗ ಐದಾರು ಯೂನಿಟ್ ಆಗುತ್ತಿತ್ತು.

ಅತ್ತೆಯ ಮಾತೂ ನಿಜವೇ. ಚಳಿ ತಡೆಯದೆ ಅವರು ಮೂರು ಗಂಟೆಗೆ ಎದ್ದು ಹೇಗೋ ತಡಕಾಡಿ ಆಫ್ ಮಾಡಿದ ದಿನ, ಐದಕ್ಕೆ ಶೆಡ್ಯೂಲ್ ಬಂದು ಆನ್ ಮಾಡುತ್ತಿತ್ತು.

ಆ್ಯಪ್ ಯಾಕೆ ಆಫ್ ಅಂತ ತೋರಿಸುತ್ತಿತ್ತು? ಅದು ಎಸಿಯನ್ನು ನೋಡುವುದೇ ಇಲ್ಲ. ಡಬ್ಬಿಯಿಂದ ಎಸಿಗೆ ಬೆಳಕು ಹೋಗುತ್ತದೆ, ಎಸಿಯಿಂದ ವಾಪಸ್ ಏನೂ ಬರುವುದಿಲ್ಲ. ಆ್ಯಪ್‌ನಲ್ಲಿ ಕಾಣುವುದು ತಾನು ಕೊನೆಗೆ ಕಳಿಸಿದ ಬಟನ್ನಿನ ಹೆಸರು ಮಾತ್ರ. ನಾನು ಕಾಕುಗೆ ಕಳಿಸಿದ ಸ್ಕ್ರೀನ್‌ಶಾಟ್ ಅದರದ್ದು.

ಅಂಗಡಿಯವನಿಗೆ ಫೋನ್ ಮಾಡಿದೆ. ಮೊದಲ ಉತ್ತರ: “ವೈಫೈ ಪ್ರಾಬ್ಲಂ ಇರುತ್ತೆ ಮೇಡಂ, ರೂಟರ್ ಬಂದ್ ಮಾಡಿ ಚಾಲೂ ಮಾಡಿ.” ವೈಫೈ ಸರಿಯಿದ್ದಿದ್ದಕ್ಕೇ ಅಲ್ವಾ ನನಗೆ ಇಷ್ಟು ಆಗಿದ್ದು? ಎರಡನೇ ಉತ್ತರ: “ನಿಮ್ಮ ಎಸಿ ಹಳೇದು.” ಹಳೇದು ಅಂತಲೇ ನಿನ್ನ ಹತ್ತಿರ ಬಂದಿದ್ದು ಮಾರಾಯ! ಸೋಮವಾರ ಡಬ್ಬಿ ಹಿಡಿದು ಅಂಗಡಿಗೇ ಹೋದೆ. ನಾಲ್ಕು ಜನ ಗಿರಾಕಿಗಳ ಎದುರು ಅವನು ಹೇಳಿದ್ದು: “ಚಾಲೂ ಆಗುತ್ತಲ್ವಾ? ಬಂದ್ ಆಗುತ್ತಲ್ವಾ? ಮತ್ತೇನು? ಶೆಡ್ಯೂಲ್ ಹಾಕಿದ್ದು ನೀವು, ನಾನಲ್ಲ. ಬಿಲ್ ಎಲ್ಲಿದೆ?” ಗಿರಾಕಿಗಳು ನನ್ನ ಮುಖ ನೋಡಿದರು. ಮಾತೇ ಹೊರಡಲಿಲ್ಲ. ವಾಪಸ್ ಬರುವಾಗ ಲೋಕಲ್‌ನಲ್ಲಿ ಕೂತು ಅತ್ತುಬಿಟ್ಟೆ.

ಎಲ್ಲಾ ಹಳೇ ಎಸಿಗಳೂ ಹೀಗಲ್ಲ. ತುಂಬಾ ರಿಮೋಟ್‌ಗಳಲ್ಲಿ ಆನ್ ಮತ್ತು ಆಫ್ ಬೇರೆ ಬೇರೆ ಕೋಡ್. ಅಂಥದ್ದರಲ್ಲಿ ಆಫ್ ಶೆಡ್ಯೂಲ್ ಹತ್ತು ಸಲ ಬಂದರೂ ಎಸಿ ಆಫ್ ಆಗಿಯೇ ಇರುತ್ತದೆ. ನಿಮ್ಮದು ಯಾವುದು ಅಂತ ದುಡ್ಡು ಕೊಡುವ ಮುಂಚೆ ಎರಡೇ ನಿಮಿಷದಲ್ಲಿ ನೋಡಬಹುದು. ಎಸಿ ಆನ್ ಮಾಡಿ. ರಿಮೋಟನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ, ಎಸಿಗೆ ಕಾಣದ ಹಾಗೆ ಪವರ್ ಬಟನ್ ಒಮ್ಮೆ ಒತ್ತಿ. ರಿಮೋಟ್ ತಾನು ಆಫ್ ಮಾಡಿದೆ ಅಂದುಕೊಳ್ಳುತ್ತದೆ, ಎಸಿ ಓಡುತ್ತಲೇ ಇರುತ್ತದೆ. ಈಗ ಎಸಿಯ ಎದುರಿಗೆ ಬಂದು ಇನ್ನೊಮ್ಮೆ ಒತ್ತಿ. ಎಸಿ ‘ಟಿಂಗ್’ ಅಂದು ಓಡುತ್ತಲೇ ಇದ್ದರೆ ಆನ್‌ಗೆ ಬೇರೆ ಕೋಡ್ ಇದೆ, ಶೆಡ್ಯೂಲ್ ನಡೆಯುತ್ತದೆ. ಎಸಿ ಆಫ್ ಆದರೆ ನಿಮ್ಮದೂ ನಮ್ಮ ತರದ್ದೇ, ಶೆಡ್ಯೂಲ್ ಸಹವಾಸ ಬೇಡ. ಗೋಡೆಯ ಕಡೆ ತಿರುಗಿಸಿ ಒತ್ತಿದರೆ ಸಾಲದು, ಬೆಳಕು ಗೋಡೆಗೆ ತಾಗಿ ಎಸಿಗೆ ಹೋಗಿಬಿಡುತ್ತದೆ. ಬೇರೆ ಕೋಣೆಗೇ ಹೋಗಿ.

ಇನ್ನೊಂದು ಮಾತು. ಟೆಂಪರೇಚರ್ ಹೆಚ್ಚಿಸುವ ಬಟನ್ ಕಲಿಸಿದರೂ ನಾವು ಅಂದುಕೊಂಡ ಹಾಗೆ ಆಗುವುದಿಲ್ಲ. ಸಾಮಾನ್ಯವಾಗಿ ಎಸಿ ರಿಮೋಟ್ ‘ಒಂದು ಹೆಚ್ಚಿಸು’ ಅಂತ ಕಳಿಸುವುದಿಲ್ಲ. ‘ಕೂಲ್, 25, ಫ್ಯಾನ್ ಕಡಿಮೆ’ ಅಂತ ತನ್ನ ಪರದೆಯ ಮೇಲಿರುವುದನ್ನೆಲ್ಲ ಒಟ್ಟಿಗೆ ಕಳಿಸುತ್ತದೆ. ಕಲಿಸುವಾಗ 25 ಇದ್ದರೆ, ಫೋನಿನಲ್ಲಿ ಎಷ್ಟು ಸಲ ಒತ್ತಿದರೂ 25ರಲ್ಲೇ ಇರುತ್ತದೆ. ನಮ್ಮದು ಹಾಗೇ ನಿಂತಿತ್ತು. “ನಿಧಾನಕ್ಕೆ ಒತ್ತಿ ಮೇಡಂ” ಅಂದಿದ್ದ ಅಂಗಡಿಯವನು. ಆಗಲೇ ಎಚ್ಚರ ಆಗಬೇಕಿತ್ತು ನನಗೆ.

ಎಸಿ ಗಾಳಿ ಬರುವ ಬಾಯಿಯ ಹತ್ತಿರ ಒಂದು ವೈಫೈ ಟೆಂಪರೇಚರ್ ಸೆನ್ಸರ್ ಅಂಟಿಸು, ಅಲ್ಲಿ ತಣ್ಣಗಿದ್ದರೆ ಮಾತ್ರ ಆಫ್ ಕಳಿಸುವ ಹಾಗೆ ಆ್ಯಪ್‌ನಲ್ಲಿ ಷರತ್ತು ಹಾಕು ಅಂತ ತಮ್ಮ ಹೇಳಿದ. ಅದು ಸರಿಯಾದ ದಾರಿಯೇ ಇರಬಹುದು. ನನಗೆ ಈ ಡಬ್ಬಿಯ ಮೇಲೆ ಇನ್ನೊಂದು ರೂಪಾಯಿ ಹಾಕುವ ಮನಸ್ಸಿಲ್ಲ.

ಧಾರವಾಡ ಪೇಡೆ ತೆಗೆದುಕೊಂಡು ಕಾಕು ಮನೆಗೆ ಹೋಗಿ ಕೈಮುಗಿದೆ. ಪೇಡೆ ತೆಗೆದುಕೊಂಡರು, ಹಪ್ಪಳದ ಮಾತು ಎತ್ತಲಿಲ್ಲ. ಈಗ ರಾತ್ರಿ ಮಲಗುವ ಮುಂಚೆ ನಾನೇ ಹಳೇ ರಿಮೋಟಿನಲ್ಲಿ ಟೈಮರ್ ಹಾಕುತ್ತೇನೆ. ಅದು ಮೊದಲಿನಿಂದಲೂ ಆ ರಿಮೋಟಿನಲ್ಲೇ ಇತ್ತು. ಊರಿಗೆ ಹೋಗುವಾಗ ಎಸಿ ಆಫ್ ಮಾಡಿ ಎಂಸಿಬಿ ಕೆಳಗೆ ಇಳಿಸುತ್ತೇವೆ. ಅತ್ತೆ ಅದನ್ನು ತಾವೇ ಹೋಗಿ ಇನ್ನೊಮ್ಮೆ ನೋಡಿ ಬರುತ್ತಾರೆ.